ಘಾತ ಏರಿದಂತೆ ಕರಗುವ ಮ್ಯಾಟ್ರಿಕ್ಸ್: ಜೀವಿಗಳ ಲೆಕ್ಕದಲ್ಲಿ ಸ್ಪೆಕ್ಟ್ರಲ್ ತ್ರಿಜ್ಯದ ಹಾದಿ

1941ರಲ್ಲಿ ಬರ್ಮಾ ರಿಸರ್ಚ್ ಸೊಸೈಟಿಯ ಪತ್ರಿಕೆಯಲ್ಲಿ ಹಾರೋ ಬರ್ನಾರ್ಡೆಲ್ಲಿ ಒಂದು ಕಾಲ್ಪನಿಕ ಜೀರುಂಡೆಯ ಲೆಕ್ಕ ಹಾಕಿದರು. ಆ ಜೀರುಂಡೆ ಬದುಕುವುದು ಮೂರೇ ವರ್ಷ. ಮೊದಲ ವರ್ಷ ಅರ್ಧದಷ್ಟು ಸಾಯುತ್ತವೆ. ಉಳಿದವುಗಳಲ್ಲಿ ಮೂರನೇ ಒಂದು ಭಾಗ ಮಾತ್ರ ಎರಡನೇ ವರ್ಷ ದಾಟುತ್ತವೆ. ಮೂರನೇ ವರ್ಷದಲ್ಲಿ ಪ್ರತಿ ಹೆಣ್ಣು ಸರಾಸರಿ ಆರು ಹೆಣ್ಣುಮರಿಗಳನ್ನು ಹುಟ್ಟಿಸಿ ಸಾಯುತ್ತದೆ. ಇದನ್ನು ಒಂದು ಮ್ಯಾಟ್ರಿಕ್ಸ್ ಆಗಿ ಬರೆಯಬಹುದು:

```
A =   0    0    6
     1/2   0    0
      0   1/3   0
```

ಪ್ರತಿ ವಯಸ್ಸಿನವೂ 600 ಇವೆ ಎಂದುಕೊಂಡು ಶುರುಮಾಡೋಣ. ಮುಂದಿನ ವರ್ಷ 3600, 300, 200 ಆಗುತ್ತವೆ. ಅದರ ಮುಂದಿನ ವರ್ಷ 1200, 1800, 100. ಮೂರನೇ ವರ್ಷ ಮತ್ತೆ 600, 600, 600. 6 × 1/2 × 1/3 ಸರಿಯಾಗಿ 1 ಆಗುವುದರಿಂದ A³ ಎಂಬುದು ಏಕಮಾನ ಮ್ಯಾಟ್ರಿಕ್ಸೇ. ಸಂಖ್ಯೆ ಅಳಿಯುವುದೂ ಇಲ್ಲ, ಬೆಳೆಯುವುದೂ ಇಲ್ಲ, ಅಲೆಯಂತೆ ಏರಿಳಿಯುತ್ತಲೇ ಇರುತ್ತದೆ. ಎರಡನೇ ವರ್ಷ ದಾಟುವವು 1/3ರ ಬದಲು 3/10 ಆದರೆ ಸಾಕು, ಚಿತ್ರ ಬದಲಾಗುತ್ತದೆ. ಆಗ ಮೂರು ವರ್ಷಕ್ಕೊಮ್ಮೆ ಇಡೀ ಸಂಖ್ಯೆ 0.9ರಿಂದ ಗುಣಿಸಲ್ಪಡುತ್ತದೆ ಮತ್ತು ಕೊನೆಗೆ ಸೊನ್ನೆಯತ್ತ ಸಾಗುತ್ತದೆ.

ಈ ಎರಡು ಗತಿಗಳ ನಡುವಿನ ಗೆರೆ ಎಲ್ಲಿದೆ ಎಂದು ಹೇಳುವ ಸಂಖ್ಯೆಯೇ ಸ್ಪೆಕ್ಟ್ರಲ್ ತ್ರಿಜ್ಯ. ಮ್ಯಾಟ್ರಿಕ್ಸಿನ ಐಗನ್ ಮೌಲ್ಯಗಳನ್ನು ಸಂಕೀರ್ಣ ಸಂಖ್ಯೆಗಳ ಸಮತಲದಲ್ಲಿ ಗುರುತಿಸಿ, ಮೂಲಬಿಂದುವಿನಿಂದ ಅತಿ ದೂರದಲ್ಲಿರುವ ಮೌಲ್ಯದ ದೂರವನ್ನು ಅಳೆದರೆ ಅದು ಸಿಗುತ್ತದೆ. ಅದನ್ನು ρ ಎಂದು ಬರೆಯುತ್ತಾರೆ. ρ(A) 1ಕ್ಕಿಂತ ಕಡಿಮೆಯಿದ್ದರೆ A, A², A³ ಎಂದು ಸಾಗುವ ಘಾತಗಳು ಸೊನ್ನೆಗೆ ಇಳಿಯುತ್ತವೆ. ಇಲ್ಲದಿದ್ದರೆ ಇಳಿಯುವುದಿಲ್ಲ. ಇದಕ್ಕೆ ಅಪವಾದವೇ ಇಲ್ಲ. ಕಾರಣವೂ ಸರಳ: ಒಂದು ಐಗನ್ ದಿಕ್ಕಿನಲ್ಲಿ ಪ್ರತಿ ಹೆಜ್ಜೆಯೂ λ ಪಟ್ಟು, k ಹೆಜ್ಜೆಗಳ ನಂತರ λᵏ ಪಟ್ಟು. ಎಲ್ಲ ದಿಕ್ಕುಗಳೂ ಬೇರೆಬೇರೆಯಾಗಿ ಸಿಗದ ಮ್ಯಾಟ್ರಿಕ್ಸುಗಳಲ್ಲಿ λᵏ ಜತೆಗೆ k ಅಥವಾ k² ಥರದ ಗುಣಕವೂ ಅಂಟಿಕೊಳ್ಳುತ್ತದೆ. ಆದರೆ |λ| 1ಕ್ಕಿಂತ ಕಡಿಮೆಯಿದ್ದಾಗ ಅಂಥ ಯಾವ ಗುಣಕವೂ ಕೊನೆಗೆ ಗೆಲ್ಲುವುದಿಲ್ಲ.

ಜರ್ಮನಿಯ ಓಸ್ಕರ್ ಪೆರೋನ್ 1907ರಲ್ಲಿ, ಗಿಯೋರ್ಗ್ ಫ್ರೋಬೆನಿಯಸ್ 1912ರ ಹೊತ್ತಿಗೆ ಇದರ ಇನ್ನೊಂದು ಮುಖವನ್ನು ಬಿಡಿಸಿದರು. ಮ್ಯಾಟ್ರಿಕ್ಸಿನಲ್ಲಿ ಋಣಸಂಖ್ಯೆಗಳೇ ಇಲ್ಲದಿದ್ದರೆ ಸ್ಪೆಕ್ಟ್ರಲ್ ತ್ರಿಜ್ಯವೇ ಒಂದು ಐಗನ್ ಮೌಲ್ಯವಾಗಿರುತ್ತದೆ. ಅವರ ಮನಸ್ಸಿನಲ್ಲಿ ಜೀರುಂಡೆಯಾಗಲಿ ಜನಸಂಖ್ಯೆಯಾಗಲಿ ಇರಲಿಲ್ಲ. ಆದರೆ ಹುಟ್ಟು ಮತ್ತು ಉಳಿವಿನ ದರಗಳು ಎಂದೂ ಋಣವಾಗುವುದಿಲ್ಲವಲ್ಲ. ಹಾಗಾಗಿ ಆ ಪ್ರಮೇಯ ಜೀವಿಗಳ ಲೆಕ್ಕಕ್ಕೆ ಹೇಳಿಮಾಡಿಸಿದಂತಿತ್ತು. ಅದರಿಂದಾಗಿ ρವನ್ನು ನೇರವಾಗಿ ವರ್ಷದ ಬೆಳವಣಿಗೆಯ ದರ ಎಂದು ಓದಬಹುದು. ಬರ್ನಾರ್ಡೆಲ್ಲಿಯ ಜೀರುಂಡೆಯಲ್ಲಿ 1ರ ಮೂರು ಘನಮೂಲಗಳೂ ಐಗನ್ ಮೌಲ್ಯಗಳು. ಮೂರೂ ಏಕಮಾನ ವೃತ್ತದ ಮೇಲೇ ಕೂತಿರುವುದರಿಂದಲೇ ಆ ಮೂರು ವರ್ಷದ ಅಲೆ ಎಂದೂ ತಗ್ಗುವುದಿಲ್ಲ. ಇದನ್ನು ವಿವರಿಸುವುದೂ ಫ್ರೋಬೆನಿಯಸ್‌ನ ಕೆಲಸವೇ.

ಈ ಕ್ಷೇತ್ರದ ಮೊದಲ ಹೆಜ್ಜೆಗಳು ನಮ್ಮ ಸುತ್ತಮುತ್ತಲೇ ಬಿದ್ದವು ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ಬರ್ಮಾದ ಲೇಖನದ ಮರುವರ್ಷ, 1942ರಲ್ಲಿ, ಇ.ಜಿ. ಲೂಯಿಸ್ ಇಂಥದೇ ಮ್ಯಾಟ್ರಿಕ್ಸನ್ನು ಕಲ್ಕತ್ತದ 'ಸಂಖ್ಯಾ' ಪತ್ರಿಕೆಯಲ್ಲಿ ಪ್ರಕಟಿಸಿದರು. ಮಹಲನೋಬಿಸ್ ಕಟ್ಟಿದ ಪತ್ರಿಕೆ ಅದು. ಆಕ್ಸ್‌ಫರ್ಡಿನ ಪಿ.ಎಚ್. ಲೆಸ್ಲಿ 1945ರಲ್ಲಿ 'ಬಯೋಮೆಟ್ರಿಕಾ'ದಲ್ಲಿ ಇದನ್ನು ವಿಸ್ತಾರವಾಗಿ ಬರೆದರು, ಹೆಸರು ಅವರಿಗೇ ನಿಂತಿತು: ಲೆಸ್ಲಿ ಮ್ಯಾಟ್ರಿಕ್ಸ್. ಅವರ ವಿಶ್ಲೇಷಣೆ ಹೆಚ್ಚು ಆಳವಾಗಿತ್ತು ಎಂಬುದು ನಿಜ. ಆದರೂ ಮೊದಲಿನ ಇಬ್ಬರ ಹೆಸರು ಪಠ್ಯಪುಸ್ತಕಗಳ ಅಡಿಟಿಪ್ಪಣಿಗೆ ಇಳಿದದ್ದು ನನಗೆ ಸರಿಕಾಣುವುದಿಲ್ಲ. 1965ರಲ್ಲಿ ಲೆಫ್ಕೋವಿಚ್ ವಯಸ್ಸಿನ ಬದಲು ಬೆಳವಣಿಗೆಯ ಹಂತಗಳನ್ನು ಇಟ್ಟುಕೊಂಡರು. ಆಮೆಯಂಥ, ವಯಸ್ಸು ಹೇಳಲಾಗದ ಪ್ರಾಣಿಗಳಿಗೂ ಲೆಕ್ಕ ಒಗ್ಗಿತು.

ಆಮೆಯ ಲೆಕ್ಕವೇ ಈ ಸಿದ್ಧಾಂತ ನೆಲಕ್ಕಿಳಿದ ಅತ್ಯುತ್ತಮ ಉದಾಹರಣೆ. ಅಮೆರಿಕದ ಆಗ್ನೇಯ ಕರಾವಳಿಯಲ್ಲಿ ಲಾಗರ್‌ಹೆಡ್ ಕಡಲಾಮೆಗಳು ಕಡಿಮೆಯಾಗುತ್ತಿದ್ದವು. ಮೊಟ್ಟೆಯಿಟ್ಟ ದಡಗಳನ್ನು ಕಾಯುವುದೇ ಆಗ ಮುಖ್ಯ ಉಪಾಯವಾಗಿತ್ತು. 1987ರಲ್ಲಿ ಕ್ರೌಸ್, ಕ್ರೌಡರ್ ಮತ್ತು ಕ್ಯಾಸ್ವೆಲ್ ಆಮೆಯ ಬದುಕನ್ನು ಏಳು ಹಂತಗಳಾಗಿ ಒಡೆದು ಏಳು ಸಾಲಿನ ಮ್ಯಾಟ್ರಿಕ್ಸ್ ಬರೆದರು. ಅದರ ಸ್ಪೆಕ್ಟ್ರಲ್ ತ್ರಿಜ್ಯ 0.945 ಬಂತು. ಅಂದರೆ ವರ್ಷಕ್ಕೆ ಸುಮಾರು ಐದೂವರೆ ಶೇಕಡ ಇಳಿಕೆ, ಹನ್ನೆರಡು ವರ್ಷಕ್ಕೆ ಸಂಖ್ಯೆ ಅರ್ಧ.

ಯಾವ ಅಂಕಿಯನ್ನು ಏರಿಸಿದರೆ ρ ಒಂದನ್ನು ದಾಟುತ್ತದೆ? ಅವರ ಅಂಕಿಗಳನ್ನೇ ಇಟ್ಟುಕೊಂಡು ಕೈಯಿಂದಲೇ ಗುಣಿಸಿ ನೋಡಬಹುದು. ಒಂದು ಮೊಟ್ಟೆಯಿಂದ ಶುರುಮಾಡಿ, ಅದು ಬೆಳೆದು ತನ್ನ ಜೀವಮಾನದಲ್ಲಿ ಸರಾಸರಿ ಎಷ್ಟು ಮೊಟ್ಟೆ ಇಡುತ್ತದೆ ಎಂದು ಲೆಕ್ಕ ಹಾಕಿದರೆ 0.37 ಸಿಗುತ್ತದೆ. ಈ ಸಂಖ್ಯೆ 1ರ ಯಾವ ಬದಿಯಲ್ಲಿದೆಯೋ ρ ಕೂಡ ಅದೇ ಬದಿಯಲ್ಲಿರುತ್ತದೆ. ಮೊಟ್ಟೆ ಹಾಗೂ ಮರಿಯ ಮೊದಲ ವರ್ಷದ ಉಳಿವು 0.6747. ಅದನ್ನು ಪೂರ್ತಿ 1ಕ್ಕೆ ಏರಿಸಿದರೂ, ಅಂದರೆ ದಡದಲ್ಲಿ ಒಂದು ಮೊಟ್ಟೆಯೂ ಹಾಳಾಗದಿದ್ದರೂ, ಗುಣಕ ಹೆಚ್ಚುವುದು 1.48 ಪಟ್ಟು ಮಾತ್ರ. ಆಗ ಬರುವುದು 0.54. ಆಮೆಗಳು ಅಳಿಯುತ್ತಲೇ ಹೋಗುತ್ತವೆ.

ಈಗ ಮೂರನೇ ಹಂತಕ್ಕೆ ಬನ್ನಿ. ದೊಡ್ಡ ಮರಿಯಾಮೆ ಈ ಹಂತದಲ್ಲಿ ಎಂಟು ವರ್ಷ ಕಳೆಯುತ್ತದೆ. ವರ್ಷದ ಉಳಿವು 0.6758. ಎಂಟು ವರ್ಷವನ್ನೂ ದಾಟುವ ಸಾಧ್ಯತೆ ಅದರ ಎಂಟನೇ ಘಾತ, 0.0435. ವರ್ಷದ ಉಳಿವು 0.77ಕ್ಕೆ ಏರಿದರೆ ಎಂಟನೇ ಘಾತ 0.1236 ಆಗುತ್ತದೆ, ಹತ್ತಿರಹತ್ತಿರ ಮೂರು ಪಟ್ಟು. ಜೀವಮಾನದ ಗುಣಕ 0.37ರಿಂದ 1.04ಕ್ಕೆ ಜಿಗಿಯುತ್ತದೆ, ρ ಒಂದನ್ನು ದಾಟುತ್ತದೆ. ಈ ಗಾತ್ರದ ಆಮೆಗಳು ಸಿಗಡಿ ಹಿಡಿಯುವ ಟ್ರಾಲ್ ಬಲೆಗೆ ಸಿಕ್ಕಿ, ಉಸಿರಿಗೆ ಮೇಲೆ ಬರಲಾಗದೆ ಸಾಯುತ್ತಿದ್ದವು. ಬಲೆಯೊಳಗಿಂದ ಆಮೆ ತಪ್ಪಿಸಿಕೊಳ್ಳಲು ದಾರಿ ಬಿಡುವ ಸಾಧನವನ್ನು ಅಮೆರಿಕ ಕಡ್ಡಾಯ ಮಾಡುವ ವಾದಕ್ಕೆ ಈ ಲೆಕ್ಕ ದೊಡ್ಡ ಬಲ ಕೊಟ್ಟಿತು.

ಇಷ್ಟರಿಂದ ρ ಗೊತ್ತಾದರೆ ಎಲ್ಲವೂ ಗೊತ್ತಾದಂತೆ ಎನಿಸಬಹುದು. ಆದರೆ ρ ಹೇಳುವುದು ಕೊನೆಯ ಗತಿಯನ್ನು ಮಾತ್ರ. ಕಳೆದ ಅರವತ್ತು ವರ್ಷಗಳ ಕೆಲಸದಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಆ ಕೊನೆಗೆ ಮುಂಚಿನ ದಾರಿಯ ಅಧ್ಯಯನ. ಲೆಕ್ಕಕ್ಕಾಗಿ ಒಂದು ಹೊಳೆಯನ್ನು ಊಹಿಸಿಕೊಳ್ಳೋಣ. ಮೇಲಿನ ಮಡುವಿನ ಮೀನು ವರ್ಷಕ್ಕೆ 0.8 ಪಟ್ಟಾಗುತ್ತವೆ, ಕೆಳಗಿನ ಮಡುವಿನವು 0.9 ಪಟ್ಟು. ಮೇಲಿನ ಪ್ರತಿ ಮೀನೂ ವರ್ಷಕ್ಕೆ ಐದು ಮರಿಗಳನ್ನು ಕೆಳಗೆ ಕಳಿಸುತ್ತದೆ. ಕೆಳಗಿನವು ಮೇಲೆ ಬರುವುದಿಲ್ಲ.

```
A =  0.9   5
      0   0.8
```

ಸ್ಪೆಕ್ಟ್ರಲ್ ತ್ರಿಜ್ಯ 0.9. ಅಳಿವು ಖಚಿತ. ಮೇಲೆ 100 ಮೀನು ಬಿಟ್ಟು, ಕೆಳಗೆ ಒಂದೂ ಇಲ್ಲದೆ ಶುರುಮಾಡಿದರೆ ಕೆಳಗಿನ ಮಡುವಿನಲ್ಲಿ ಮೊದಲ ವರ್ಷ 500, ಎರಡನೇ ವರ್ಷ 850, ಮೂರನೇ ವರ್ಷ 1085 ಇರುತ್ತವೆ. ಆರನೇ ವರ್ಷ 1346ಕ್ಕೆ ಮುಟ್ಟಿದ ಮೇಲಷ್ಟೇ ಇಳಿಕೆ ಶುರು. ಇಪ್ಪತ್ತನೇ ವರ್ಷದಲ್ಲೂ 550 ಇವೆ. 100ಕ್ಕಿಂತ ಕೆಳಗಿಳಿಯುವುದು 38ನೇ ವರ್ಷ. ಐದು ವರ್ಷ ಎಣಿಸಿ ನೋಡಿದವರು ಸಂಖ್ಯೆ ಏರುತ್ತಿದೆ ಎಂದೇ ವರದಿ ಬರೆಯುತ್ತಾರೆ, ಅವರ ಎಣಿಕೆಯಲ್ಲಿ ತಪ್ಪೂ ಇರುವುದಿಲ್ಲ.

1941ರಲ್ಲೇ, ಬರ್ನಾರ್ಡೆಲ್ಲಿಯ ಲೇಖನ ಬಂದ ವರ್ಷವೇ, ಮಾಸ್ಕೋದ ಇಸ್ರೇಲ್ ಗೆಲ್ಫಾಂಡ್ ಒಂದು ಸೂತ್ರ ಕೊಟ್ಟಿದ್ದರು: ಘಾತದ ಗಾತ್ರ ತೆಗೆದುಕೊಂಡು ಅದರ k-ನೇ ಮೂಲ ಕಂಡುಹಿಡಿದರೆ, k ಹೆಚ್ಚಿದಂತೆ ಅದು ρ ಕಡೆಗೆ ಸಾಗುತ್ತದೆ.

```
ρ(A) = lim ‖Aᵏ‖^(1/k)
```

ಹೊಳೆಯ ಮ್ಯಾಟ್ರಿಕ್ಸಿನಲ್ಲಿ ಗಾತ್ರವೆಂದರೆ ಅತಿ ದೊಡ್ಡ ಅಂಕಿ ಎಂದು ಇಟ್ಟುಕೊಂಡರೆ, k = 10 ಇದ್ದಾಗ ಈ ಮೂಲ 1.28. k = 40ಕ್ಕೆ 0.99. k = 100ಕ್ಕೂ 0.936 ಮಾತ್ರ. 0.9 ಎಂಬ ಸತ್ಯ ಅಷ್ಟು ನಿಧಾನವಾಗಿ ಹೊರಬರುತ್ತದೆ.

ಇದೇ ಮ್ಯಾಟ್ರಿಕ್ಸಿನಲ್ಲಿ ಇನ್ನೊಂದು ಅಪಾಯವೂ ಇದೆ. ಎಡ ಕೆಳಮೂಲೆಯ ಸೊನ್ನೆಯ ಜಾಗದಲ್ಲಿ 0.004 ಹಾಕಿ, ಅಂದರೆ ಕೆಳಗಿನ ಸಾವಿರ ಮೀನಿಗೆ ನಾಲ್ಕು ಮೇಲಕ್ಕೆ ಹತ್ತಿ ಬರುತ್ತವೆ ಎನ್ನಿ. ρ ಸರಿಯಾಗಿ 1 ಆಗುತ್ತದೆ. ಐದು ಹತ್ತಿ ಬಂದರೆ ಮೀನು ಬೆಳೆಯುತ್ತಲೇ ಹೋಗುತ್ತವೆ. ಸಾವಿರಕ್ಕೆ ನಾಲ್ಕನ್ನು ಯಾವ ಕ್ಷೇತ್ರ ಅಧ್ಯಯನ ತಾನೇ ನಂಬುವಂತೆ ಅಳೆದೀತು? ನಡುವಿನ ಉಬ್ಬು ಮತ್ತು ಈ ಸೂಕ್ಷ್ಮತೆ ಎರಡೂ ಒಂದಕ್ಕೊಂದು ಕಟ್ಟಿಕೊಂಡಿವೆ ಎಂದು 1962ರಲ್ಲಿ ಹೈಂಜ್-ಓಟೋ ಕ್ರೈಸ್ ತೋರಿಸಿದರು. ಮ್ಯಾಟ್ರಿಕ್ಸನ್ನು ಕೊಂಚ ಅಲುಗಿಸಿದಾಗ ಐಗನ್ ಮೌಲ್ಯ ಏಕಮಾನ ವೃತ್ತದ ಹೊರಗೆ ಅಲುಗಿಸಿದ್ದಕ್ಕಿಂತ ಎಷ್ಟೋ ಪಟ್ಟು ದೂರ ಜಿಗಿಯುವುದಾದರೆ, ಅದರ ಘಾತಗಳು ಇಳಿಯುವ ಮೊದಲು ಕನಿಷ್ಠ ಅಷ್ಟು ಪಟ್ಟು ಉಬ್ಬಲೇಬೇಕು. ಟ್ರೆಫೆಥೆನ್ ಮತ್ತು ಎಂಬ್ರಿ 2005ರಲ್ಲಿ ಬರೆದ ದೊಡ್ಡ ಪುಸ್ತಕದ ನಂತರ, ಇಂಥ ಮ್ಯಾಟ್ರಿಕ್ಸ್ ಎದುರಾದರೆ ಐಗನ್ ಮೌಲ್ಯದ ಜತೆಗೆ ಅದು ಅಲುಗಾಡುವ ವ್ಯಾಪ್ತಿಯನ್ನೂ ಬರೆದು ನೋಡುವ ರೂಢಿ ಬೆಳೆದಿದೆ.

ಇಲ್ಲಿಯವರೆಗೆ ಪ್ರತಿ ವರ್ಷವೂ ಒಂದೇ ಮ್ಯಾಟ್ರಿಕ್ಸ್. ಮಳೆಯ ವರ್ಷ ಒಂದು, ಬರದ ವರ್ಷ ಇನ್ನೊಂದು ಇದ್ದರೆ? ಮಳೆಯ ವರ್ಷ ಪ್ರತಿ ದೊಡ್ಡದೂ ನಾಲ್ಕು ಮರಿ ಹಾಕಿ ಸಾಯುತ್ತದೆ, ಆದರೆ ಹಿಂದಿನ ಮರಿಗಳು ಒಂದೂ ಉಳಿಯುವುದಿಲ್ಲ. ಬರದ ವರ್ಷ ಹುಟ್ಟೇ ಇಲ್ಲ, ದೊಡ್ಡವೆಲ್ಲ ಸಾಯುತ್ತವೆ, ಮರಿಗಳಲ್ಲಿ ಅರ್ಧ ದೊಡ್ಡವಾಗುತ್ತವೆ.

```
ಮಳೆ =  0  4      ಬರ =   0   0
       0  0            1/2  0
```

ಎರಡರ ಸ್ಪೆಕ್ಟ್ರಲ್ ತ್ರಿಜ್ಯವೂ ಸೊನ್ನೆ. ಬರೀ ಮಳೆ ಬಂದರೂ, ಬರೀ ಬರ ಬಂದರೂ ಎರಡೇ ವರ್ಷಕ್ಕೆ ಎಲ್ಲವೂ ಮುಗಿಯುತ್ತವೆ. ಆದರೆ ಒಂದು ವರ್ಷ ಮಳೆ, ಒಂದು ವರ್ಷ ಬರ ಎಂದು ಬಂದರೆ 100 ದೊಡ್ಡವು 400 ಮರಿಯಾಗಿ, 200 ದೊಡ್ಡವಾಗಿ, 800 ಮರಿಯಾಗಿ, 400 ದೊಡ್ಡವಾಗಿ ಬೆಳೆಯುತ್ತವೆ. ಒಂದೊಂದರ ಐಗನ್ ಮೌಲ್ಯ ನೋಡಿದವರಿಗೆ ಇದರ ಸುಳಿವೂ ಸಿಗುವುದಿಲ್ಲ.

ಹೀಗೆ ಹಲವು ಮ್ಯಾಟ್ರಿಕ್ಸುಗಳನ್ನು ಯಾವ ಕ್ರಮದಲ್ಲಿ ಗುಣಿಸಿದರೂ ಆಗಬಹುದಾದ ಅತಿ ಹೆಚ್ಚಿನ ಬೆಳವಣಿಗೆಯ ದರಕ್ಕೆ 1960ರಲ್ಲಿ ಜಾನ್-ಕಾರ್ಲೊ ರೋಟಾ ಮತ್ತು ಗಿಲ್ಬರ್ಟ್ ಸ್ಟ್ರಾಂಗ್ ಜಂಟಿ ಸ್ಪೆಕ್ಟ್ರಲ್ ತ್ರಿಜ್ಯ ಎಂದು ಹೆಸರಿಟ್ಟರು. ಆ ಅತಿ ಹೆಚ್ಚಿನ ದರ ಯಾವುದೋ ಒಂದು ಸೀಮಿತ ಕ್ರಮ ಮರುಕಳಿಸುವುದರಿಂದಲೇ ಸಿಗುತ್ತದೆ ಎಂಬ ಊಹೆ 1995ರಲ್ಲಿ ಲಗಾರಿಯಸ್ ಮತ್ತು ವಾಂಗ್ ಅವರ ಲೇಖನದ ನಂತರ ಬಹಳ ಚರ್ಚೆಗೆ ಬಂತು. 2002ರಲ್ಲಿ ಬೂಶ್ ಮತ್ತು ಮೆರೆಸ್ ಅದು ಸುಳ್ಳೆಂದು ಸಾಧಿಸಿದರು. ಅದಕ್ಕೂ ಮುಂಚೆ, 2000ದಲ್ಲಿ, ಬ್ಲೊಂಡೆಲ್ ಮತ್ತು ಸಿಟ್ಸಿಕ್ಲಿಸ್ ಇನ್ನೂ ಗಟ್ಟಿಯಾದ ತಡೆಯನ್ನು ತೋರಿಸಿದ್ದರು: ಎರಡೇ ಮ್ಯಾಟ್ರಿಕ್ಸ್ ಕೊಟ್ಟು, ಅವುಗಳ ಎಲ್ಲ ಗುಣಲಬ್ಧಗಳೂ ಒಂದು ಮಿತಿಯೊಳಗೆ ಉಳಿಯುತ್ತವೆಯೇ ಎಂದು ಕೇಳಿದರೆ, ಪ್ರತಿ ಬಾರಿಯೂ ಸರಿಯಾಗಿ ಉತ್ತರಿಸುವ ಒಂದೇ ಕ್ರಮವಿಧಿ ಇರಲು ಸಾಧ್ಯವೇ ಇಲ್ಲ. ಕೆಲಸ ನಡೆಯಬೇಕಾದವರು ಬೇರೆ ದಾರಿ ಹಿಡಿಯುತ್ತಾರೆ. ಎರಡೂ ಮ್ಯಾಟ್ರಿಕ್ಸುಗಳಲ್ಲಿ ಪ್ರತಿ ಹೆಜ್ಜೆಗೂ ಕುಗ್ಗುವಂಥ ಒಂದು ಸಮಾನ ಅಳತೆಗೋಲನ್ನು ಹುಡುಕುತ್ತಾರೆ. ಅದು ಸಿಕ್ಕಿದರೆ ಯಾವ ಕ್ರಮದಲ್ಲಿ ಗುಣಿಸಿದರೂ ಗುಣಲಬ್ಧ ಸೊನ್ನೆಗೆ ಇಳಿಯುತ್ತದೆ ಎನ್ನಬಹುದು. ಮಳೆ-ಬರದ ಜೋಡಿಗೆ ಅಂಥ ಅಳತೆಗೋಲು ಸಿಗಲಾರದು, ಏಕೆಂದರೆ ಅವೆರಡರ ಗುಣಲಬ್ಧದಲ್ಲೇ 2 ಎಂಬ ಐಗನ್ ಮೌಲ್ಯ ಕೂತಿದೆ.