ಬೀಳುವ ಭಯ, ವೃದ್ಧಾಪ್ಯದಲ್ಲಿ

ಬಿದ್ದೇನೆಂಬ ಅಂಜಿಕೆಯಿಂದ ಓಡಾಟ ಕಡಿಮೆಮಾಡಿದ ಹಿರಿಯರ ತೊಡೆಯ ಸ್ನಾಯುಗಳು ಸೊರಗಿ, ಬೀಳುವ ಸಂಭವವೇ ಹೆಚ್ಚುತ್ತದೆ. ಆದ್ದರಿಂದ ಕುಳಿತಿರುವುದೇ ಕ್ಷೇಮವೆಂಬ ಮನೆಯವರ ಸಲಹೆ, ಪ್ರೀತಿಯಿಂದ ಬಂದರೂ, ತಪ್ಪು. 2019ರ ಕಾಕ್ರೇನ್ ವಿಮರ್ಶೆಯ ಪ್ರಕಾರ ವ್ಯಾಯಾಮದಿಂದ ಬೀಳುವ ಪ್ರಮಾಣ ಸುಮಾರು ಶೇ. 23ರಷ್ಟು ತಗ್ಗುತ್ತದೆ, ಆದರೆ ಬರೀ ನಡಿಗೆಯ ಪರವಾಗಿ ಅಂಥ ಖಚಿತ ಪುರಾವೆಯಿಲ್ಲ.

ಕಾಂದಿವಲಿಯ ಕಿರಿದಾದ ಫ್ಲ್ಯಾಟಿನಲ್ಲಿ, ಅದೂ ಮಳೆಗಾಲದಲ್ಲಿ, ವ್ಯಾಯಾಮಕ್ಕೆ ಜಾಗವೆಲ್ಲಿ ಎಂಬ ಆಕ್ಷೇಪಕ್ಕೆ ಅಡುಗೆಕಟ್ಟೆಯೇ ಉತ್ತರ. ಮೊದಲು ಗೋಡೆಗೆ ಆನಿಸಿದ ಗಟ್ಟಿ ಕುರ್ಚಿಯಿಂದ ನಿಧಾನವಾಗಿ 5 ಸಲ ಎದ್ದು ಕೂರಬೇಕು. ಹಗುರ ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ. ಕೈಯೂರದೆ ಏಳಲಾಗದಿದ್ದರೆ ಕೈಯೂರಿಯೇ ಆರಂಭಿಸಿ, 10 ಸಲ ಸಲೀಸಾದ ಮೇಲೆ ಕೈ ಬಿಡಬಹುದು. ಬಳಿಕ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಒಂದು ಪಾದದ ಮುಂದೆ ಇನ್ನೊಂದನ್ನಿಟ್ಟು 10 ಸೆಕೆಂಡ್ ನಿಲ್ಲುವುದು. ವಾರಕ್ಕೆ 3 ದಿನ ಸಾಕು, ಪಕ್ಕದಲ್ಲೊಬ್ಬರಿರಲಿ. ಹಿಡಿತ ಕೆಲವು ವಾರಗಳಲ್ಲಿ ಎರಡು ಕೈಯಿಂದ ಒಂದಕ್ಕೆ, ಆಮೇಲೆ ಬೆರಳತುದಿಗೆ ಇಳಿಯಬೇಕು. ಕಟ್ಟೆಗೇ ಭಾರ ಹಾಕಿ ನಿಂತರೆ ಸಮತೋಲ ಬೆಳೆಯದು.

ಮೊಣಕಾಲು ಸವೆದೀತೆಂಬ ಆತಂಕಕ್ಕೆ ಆಧಾರವಿಲ್ಲ. ಮರುದಿನ ಊತ ಕಂಡರೆ ಸಂಖ್ಯೆ ತಗ್ಗಿಸಬೇಕು. ಎದ್ದಾಗ ತಲೆಸುತ್ತು ಬಂದರೆ ವ್ಯಾಯಾಮಕ್ಕೆ ಮುನ್ನ ವೈದ್ಯರನ್ನು ಕಾಣಬೇಕು. ಒಂದೇ ಕಾಲು ಹಠಾತ್ ಸೋತರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.