ಲಿವರ್ ರಿಪೋರ್ಟ್‌ನಲ್ಲಿ ಎಎಲ್‌ಪಿ, ಜಿಜಿಟಿ ಎರಡೇ ಜಾಸ್ತಿ ಇದ್ಯಾ? ಎಸ್‌ಜಿಪಿಟಿ ನಾರ್ಮಲ್ ಅಂತ ಸುಮ್ಮನಾಗಬೇಡಿ

ಶಿವಮೊಗ್ಗ: ಶುಗರ್, ಬಿಪಿ ಚೆಕ್‌ಅಪ್ ಜೊತೆಗೆ ಲಿವರ್ ಟೆಸ್ಟ್ ಕೂಡ ಮಾಡಿಸುವವರು ಈಗ ಹೆಚ್ಚು. ರಿಪೋರ್ಟ್ ಕೈಗೆ ಬಂದ ತಕ್ಷಣ ಎಲ್ಲರೂ ನೋಡೋದು ಎಸ್‌ಜಿಒಟಿ, ಎಸ್‌ಜಿಪಿಟಿ ಮತ್ತು ಬಿಲಿರುಬಿನ್. ಈ ಮೂರೂ ಸರಿ ಇದ್ದರೆ ‘ಲಿವರ್ ಚೆನ್ನಾಗಿದೆ’ ಅಂತ ರಿಪೋರ್ಟ್ ಮಡಚಿ ಇಡುತ್ತಾರೆ. ಆದರೆ ಅದೇ ಹಾಳೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ (ಎಎಲ್‌ಪಿ) ಮತ್ತು ಗಾಮಾ ಜಿಟಿ (ಜಿಜಿಟಿ) ಎರಡೂ ಏರಿದ್ದರೆ ಅದಕ್ಕೆ ಬೇರೆಯದೇ ಅರ್ಥ ಇದೆ. ಲಿವರ್‌ನಿಂದ ಪಿತ್ತರಸ ಹರಿದು ಹೋಗುವ ದಾರಿಯಲ್ಲಿ ಎಲ್ಲೋ ತೊಂದರೆ ಇರಬಹುದು ಅನ್ನೋದು ಅದರ ಸೂಚನೆ.

ಎರಡು ಏರಿ, ಇನ್ನೆರಡು ಏರದಿರುವುದು ಯಾಕೆ?

ಎಸ್‌ಜಿಒಟಿ, ಎಸ್‌ಜಿಪಿಟಿ ಲಿವರ್ ಜೀವಕೋಶಗಳ ಒಳಗೆ ಇರುವ ಕಿಣ್ವಗಳು. ಜೀವಕೋಶಕ್ಕೆ ಏಟು ಬಿದ್ದಾಗ ಅವು ರಕ್ತಕ್ಕೆ ಸೋರುತ್ತವೆ. ಹೆಪಟೈಟಿಸ್‌ನಲ್ಲಿ ಆಗೋದು ಇದೇ.

ಎಎಲ್‌ಪಿ ಮತ್ತು ಜಿಜಿಟಿ ಇರುವ ಜಾಗ ಬೇರೆ. ಅವು ಪಿತ್ತರಸ ಹರಿಯುವ ಸಣ್ಣ ನಾಳಗಳ ಗೋಡೆಯ ಕಡೆ ಇರುತ್ತವೆ. ಪಿತ್ತರಸ ಮುಂದೆ ಹೋಗದೆ ನಿಂತರೆ ಲಿವರ್ ಎಎಲ್‌ಪಿಯನ್ನು ಹೆಚ್ಚು ತಯಾರು ಮಾಡುತ್ತದೆ, ಅದು ರಕ್ತಕ್ಕೂ ಸೇರುತ್ತದೆ. ಚರಂಡಿ ಕಟ್ಟಿಕೊಂಡರೂ ಮನೆಯ ಗೋಡೆ ಇನ್ನೂ ಗಟ್ಟಿಯಾಗಿಯೇ ಇರುವ ಹಾಗೆ, ಜೀವಕೋಶಗಳು ಹಾಳಾಗುವ ಮೊದಲೇ ಹರಿವು ನಿಧಾನ ಆಗಿರಬಹುದು.

‘ಕಣ್ಣು ಹಳದಿ ಆಗಿಲ್ಲ, ಕಾಮಾಲೆ ಇಲ್ಲ’ ಅನ್ನೋದೂ ಸಮಾಧಾನದ ಮಾತಲ್ಲ. ಲಿವರ್‌ನ ಒಂದು ಭಾಗದ ನಾಳ ಮಾತ್ರ ಕಟ್ಟಿದ್ದರೆ ಉಳಿದ ಭಾಗ ಬಿಲಿರುಬಿನ್ ಹೊರಹಾಕುತ್ತಲೇ ಇರುತ್ತದೆ. ಆಗ ಬಿಲಿರುಬಿನ್ ನಾರ್ಮಲ್, ಎಎಲ್‌ಪಿ ಮಾತ್ರ ಜಾಸ್ತಿ.

ಜಿಜಿಟಿ ಯಾಕೆ ಬೇಕು?

ಎಎಲ್‌ಪಿ ಲಿವರ್‌ನಿಂದ ಮಾತ್ರ ಬರೋದಲ್ಲ, ಮೂಳೆಯಿಂದಲೂ ಬರುತ್ತದೆ. ಬೆಳೆಯುವ ಮಕ್ಕಳಲ್ಲಿ, ಮೂಳೆ ಮುರಿದು ಕೂಡುತ್ತಿರುವವರಲ್ಲಿ, ವಿಟಮಿನ್ ಡಿ ತೀರಾ ಕಡಿಮೆ ಇರುವವರಲ್ಲಿ ಅದು ಏರುತ್ತದೆ. ಗರ್ಭಿಣಿಯರಲ್ಲಿ ಕೊನೆಯ ಮೂರು ತಿಂಗಳು ಮಾಸು ಕೂಡ ಎಎಲ್‌ಪಿ ಬಿಡುತ್ತದೆ. ಜಿಜಿಟಿ ಮೂಳೆಯಿಂದ ಬರುವುದಿಲ್ಲ. ಹಾಗಾಗಿ ಎರಡೂ ಏರಿದ್ದರೆ ಎಎಲ್‌ಪಿ ಲಿವರ್ ಕಡೆಯಿಂದ ಬಂದಿದೆ ಅಂತ ಹೇಳಬಹುದು. ಎಷ್ಟೋ ಲ್ಯಾಬ್‌ಗಳ ಲಿವರ್ ಪ್ಯಾಕೇಜ್‌ನಲ್ಲಿ ಜಿಜಿಟಿ ಇರುವುದಿಲ್ಲ. ಎಎಲ್‌ಪಿ ಒಂದೇ ಜಾಸ್ತಿ ಬಂದಿದ್ದರೆ ಜಿಜಿಟಿಯನ್ನು ಬೇರೆಯಾಗಿ ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳಿ.

ಇಲ್ಲೂ ಒಂದು ಮೋಸ ಇದೆ. ದಿನಾ ಕುಡಿಯುವವರಲ್ಲಿ ಜಿಜಿಟಿ ಹಾಗೆಯೇ ಏರಿರುತ್ತದೆ. ಅದೇ ವ್ಯಕ್ತಿಗೆ ವಿಟಮಿನ್ ಡಿ ಕೊರತೆಯೂ ಇದ್ದರೆ ಎಎಲ್‌ಪಿ ಮೂಳೆಯಿಂದ, ಜಿಜಿಟಿ ಎಣ್ಣೆಯಿಂದ ಏರಿ, ನೋಡುವವರಿಗೆ ಪಿತ್ತನಾಳದ ತೊಂದರೆ ತರಹವೇ ಕಾಣುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮಾತ್ರೆಯೂ ಎರಡನ್ನೂ ಏರಿಸಬಲ್ಲದು. ಹಾಗಂತ ಆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು, ಫಿಟ್ಸ್ ಮರುಕಳಿಸುತ್ತದೆ.

ಮುಂದಿನ ಹೆಜ್ಜೆ: ಸ್ಕ್ಯಾನಿಂಗ್

ಮೊದಲು ಮಾಡಿಸೋದು ಹೊಟ್ಟೆಯ ಅಲ್ಟ್ರಾಸೌಂಡ್. ಇದಕ್ಕೆ 6ರಿಂದ 8 ಗಂಟೆ ಖಾಲಿ ಹೊಟ್ಟೆಯಲ್ಲಿ ಇರಬೇಕು. ಊಟ ಮಾಡಿದರೆ ಪಿತ್ತಕೋಶ ಕುಗ್ಗಿ ಕಲ್ಲು ಸರಿಯಾಗಿ ಕಾಣುವುದಿಲ್ಲ. ರಿಪೋರ್ಟ್‌ನಲ್ಲಿ ನೋಡಬೇಕಾದ್ದು ಒಂದೇ ಪ್ರಶ್ನೆ: ಪಿತ್ತನಾಳ ಹಿಗ್ಗಿದೆಯೋ, ಇಲ್ಲವೋ?

ಹಿಗ್ಗಿದ್ದರೆ ಕೆಳಗೆ ಏನೋ ಅಡ್ಡ ಇದೆ ಅಂತ ಅರ್ಥ. ಅದು ಪಿತ್ತಕೋಶದಿಂದ ಜಾರಿದ ಕಲ್ಲು ಇರಬಹುದು, ನಾಳ ಕಿರಿದಾಗಿರಬಹುದು, ಮೇದೋಜೀರಕ ಗ್ರಂಥಿಯ ಗಡ್ಡೆಯೂ ಇರಬಹುದು. ಮುಖ್ಯ ನಾಳದ ಅಗಲ ಸಾಮಾನ್ಯವಾಗಿ 6 ಮಿ.ಮೀ. ಒಳಗೆ ಇರುತ್ತದೆ. ವಯಸ್ಸಾದವರಲ್ಲಿ, ಪಿತ್ತಕೋಶ ತೆಗೆಸಿಕೊಂಡವರಲ್ಲಿ ಸ್ವಲ್ಪ ಜಾಸ್ತಿ ಇದ್ದರೂ ತಪ್ಪಿಲ್ಲ. ನಾಳದ ಕೆಳತುದಿಯಲ್ಲಿರುವ ಕಲ್ಲು ಕರುಳಿನ ಗಾಳಿ ಅಡ್ಡ ಬಂದು ಅಲ್ಟ್ರಾಸೌಂಡ್‌ನಲ್ಲಿ ತಪ್ಪಿಹೋಗುವುದು ಉಂಟು. ಆಗ ಎಂಆರ್‌ಸಿಪಿ ಅನ್ನುವ ಎಂಆರ್‌ಐ ಸ್ಕ್ಯಾನ್ ಮಾಡಿಸುತ್ತಾರೆ.

ಹಿಗ್ಗಿಲ್ಲದಿದ್ದರೆ ತೊಂದರೆ ಲಿವರ್ ಒಳಗಿನ ಸಣ್ಣ ನಾಳಗಳಲ್ಲಿ ಇರಬಹುದು. ಔಷಧಿಯ ಅಡ್ಡಪರಿಣಾಮ, ಲಿವರ್‌ಗೆ ಹರಡಿದ ಟಿಬಿ ಅಥವಾ ಕ್ಯಾನ್ಸರ್, ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್ (ಪಿಬಿಸಿ) ಅನ್ನುವ ಕಾಯಿಲೆ ಈ ಪಟ್ಟಿಯಲ್ಲಿ ಬರುತ್ತವೆ. ಔಷಧಿ ವಿಷಯದಲ್ಲಿ ಒಂದು ಗಮನ ಇರಲಿ. ಅಮಾಕ್ಸಿಸಿಲಿನ್ ಕ್ಲಾವುಲನೇಟ್ ಆ್ಯಂಟಿಬಯಾಟಿಕ್ ಕೋರ್ಸ್ ಮುಗಿದು ಕೆಲವು ವಾರ ಆದ ಮೇಲೂ ಇಂಥ ತೊಂದರೆ ಕೊಡಬಲ್ಲದು. ಅದಕ್ಕೇ ಹಿಂದಿನ ಎರಡು ಮೂರು ತಿಂಗಳಲ್ಲಿ ತಗೊಂಡ ಎಲ್ಲ ಮಾತ್ರೆ, ನಾಟಿ ಔಷಧಿ, ಜಿಮ್ ಪೌಡರ್ ಎಲ್ಲವನ್ನೂ ಡಾಕ್ಟರ್‌ಗೆ ಹೇಳಬೇಕು.

ಒಂದು ಉದಾಹರಣೆ

48 ವರ್ಷದ, 60 ಕೆ.ಜಿ. ತೂಕದ ಒಬ್ಬ ಮಹಿಳೆ ಅಂತ ಇಟ್ಟುಕೊಳ್ಳಿ. ಕುಡಿತ ಇಲ್ಲ. ಆರು ತಿಂಗಳಿಂದ ಸುಸ್ತು, ರಾತ್ರಿ ಮೈ ತುರಿಕೆ. ಚರ್ಮದ ಮೇಲೆ ಗುಳ್ಳೆ ಏನೂ ಇಲ್ಲ, ಮುಲಾಮು ಹಚ್ಚಿದರೂ ಕಡಿಮೆ ಆಗಿಲ್ಲ. ರಿಪೋರ್ಟ್‌ನಲ್ಲಿ ಎಎಲ್‌ಪಿ 310 (ಮಿತಿ 120), ಜಿಜಿಟಿ 185 (ಮಿತಿ 40), ಎಸ್‌ಜಿಪಿಟಿ 32 (ಮಿತಿ 40), ಬಿಲಿರುಬಿನ್ 0.8.

ಇಲ್ಲಿ ಡಾಕ್ಟರ್‌ಗಳು ಒಂದು ಸರಳ ಲೆಕ್ಕ ಹಾಕುತ್ತಾರೆ. ಎಸ್‌ಜಿಪಿಟಿ ತನ್ನ ಮಿತಿಯ 0.8 ಪಟ್ಟು, ಎಎಲ್‌ಪಿ ತನ್ನ ಮಿತಿಯ ಸುಮಾರು 2.6 ಪಟ್ಟು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.3. ಈ ಸಂಖ್ಯೆ 2ಕ್ಕಿಂತ ಕಡಿಮೆ ಬಂದರೆ ಪಿತ್ತರಸದ ಹರಿವಿನ ತೊಂದರೆ, 5ಕ್ಕಿಂತ ಜಾಸ್ತಿ ಬಂದರೆ ಜೀವಕೋಶದ ತೊಂದರೆ, ನಡುವೆ ಬಂದರೆ ಮಿಶ್ರ.

ಅಲ್ಟ್ರಾಸೌಂಡ್‌ನಲ್ಲಿ ನಾಳ ಹಿಗ್ಗಿಲ್ಲ, ಕಲ್ಲೂ ಇಲ್ಲ. ತುರಿಕೆ ಶುರುವಾಗುವ ಮೊದಲು ಹೊಸ ಔಷಧಿ ತಗೊಂಡಿಲ್ಲ. ಆಗ ಮಾಡಿಸುವ ರಕ್ತಪರೀಕ್ಷೆ ಎಎಂಎ, ಅಂದರೆ ಆಂಟಿ ಮೈಟೊಕಾಂಡ್ರಿಯಲ್ ಆಂಟಿಬಾಡಿ. ಅದು ಪಾಸಿಟಿವ್ ಬಂದರೆ ಬಯಾಪ್ಸಿ ಇಲ್ಲದೆಯೇ ಪಿಬಿಸಿ ಅಂತ ಹೇಳಲು ಸಾಮಾನ್ಯವಾಗಿ ಅಷ್ಟು ಸಾಕು. ಇದು ದೇಹದ ರೋಗನಿರೋಧಕ ಶಕ್ತಿಯೇ ಸಣ್ಣ ಪಿತ್ತನಾಳಗಳ ಮೇಲೆ ತಿರುಗಿ ಬೀಳುವ ಕಾಯಿಲೆ, ಹೆಚ್ಚಾಗಿ ನಡುವಯಸ್ಸಿನ ಮಹಿಳೆಯರಲ್ಲಿ ಕಾಣುತ್ತದೆ. ಕೊಡುವ ಮಾತ್ರೆ ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್. ದಿನಕ್ಕೆ ಕೆ.ಜಿ. ತೂಕಕ್ಕೆ 13ರಿಂದ 15 ಮಿ.ಗ್ರಾಂ., ಅಂದರೆ ಈಕೆಗೆ 780ರಿಂದ 900 ಮಿ.ಗ್ರಾಂ. ಇದು ಜೀವನಪೂರ್ತಿ ತಗೊಳ್ಳಬೇಕಾದ ಮಾತ್ರೆ. ಬಿಟ್ಟುಬಿಟ್ಟರೆ ಕಾಯಿಲೆ ಸದ್ದಿಲ್ಲದೆ ವರ್ಷಗಳಲ್ಲಿ ಲಿವರ್ ಸಿರೋಸಿಸ್ ಕಡೆಗೆ ಹೋಗಬಹುದು. ಸುಮಾರು ಒಂದು ವರ್ಷದ ನಂತರ ಎಎಲ್‌ಪಿ ಎಷ್ಟು ಇಳಿದಿದೆ ಅನ್ನೋದರ ಮೇಲೆ ಮಾತ್ರೆ ಕೆಲಸ ಮಾಡಿದೆಯಾ ಅಂತ ಡಾಕ್ಟರ್ ತೀರ್ಮಾನಿಸುತ್ತಾರೆ.

ಕಾಯಬಹುದಾ, ಓಡಬೇಕಾ?

ಎಎಲ್‌ಪಿ ಸ್ವಲ್ಪವೇ ಏರಿದ್ದು, ಬೇರೆ ತೊಂದರೆ ಇಲ್ಲದಿದ್ದರೆ ಕೆಲವು ವಾರ ಬಿಟ್ಟು ಮತ್ತೆ ಟೆಸ್ಟ್ ಮಾಡಿಸಿ ಅಂತ ಹೇಳುವುದು ಉಂಟು. ಕಲ್ಲು ತೆಗೆದ ಮರುದಿನವೇ ನಾರ್ಮಲ್ ಆಗಬೇಕು ಅಂತಲೂ ಕಾಯಬೇಡಿ. ರಕ್ತದಲ್ಲಿನ ಎಎಲ್‌ಪಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು.

ಆದರೆ ಚಳಿ ಜ್ವರ, ಬಲ ಪಕ್ಕೆಯ ಕೆಳಗೆ ನೋವು, ಕಣ್ಣು ಹಳದಿ ಈ ಮೂರೂ ಒಟ್ಟಿಗೆ ಬಂದರೆ ಕಟ್ಟಿದ ನಾಳದಲ್ಲಿ ಸೋಂಕು ಆಗಿರುವ ಲಕ್ಷಣ. ಕಾಮಾಲೆಗೆ ಸೊಪ್ಪಿನ ಔಷಧಿ ಹುಡುಕಿಕೊಂಡು ಹೋಗದೆ, ಶಿವಮೊಗ್ಗದ ಮೆಗ್ಗಾನ್ ಇರಲಿ, ಭದ್ರಾವತಿಯ ಹತ್ತಿರದ ಆಸ್ಪತ್ರೆ ಇರಲಿ, ಅದೇ ದಿನ ತೋರಿಸಿ. ನೋವಿಲ್ಲದೆ ತೂಕ ಇಳಿಯುತ್ತಾ ಮಲ ಬಿಳಚಿಕೊಂಡಿದ್ದರೂ ಸ್ಕ್ಯಾನಿಂಗ್ ಮುಂದೂಡಬೇಡಿ. ಹೋಗುವಾಗ ಹಳೇ ರಿಪೋರ್ಟ್‌ಗಳನ್ನೂ ತಗೊಂಡು ಹೋಗಿ. ಎಎಲ್‌ಪಿ ಯಾವಾಗಿಂದ ಏರುತ್ತಿದೆ ಅನ್ನೋದು ಅದರಲ್ಲೇ ಗೊತ್ತಾಗುತ್ತದೆ.