ಎರಡು ಗೆರೆಗಳ ನಡುವಿನ ಅಂತರ: ಕಾಲದೊಡನೆ ಆದ ಬದಲಾವಣೆಗೆ ನಕ್ಷೆಯ ಆಯ್ಕೆ

ಕರ್ನಾಟಕದ ಸಾಕ್ಷರತೆಯ ಆರು ಅಂಕಿಗಳು ಈ ಲೇಖನದ ಸಾಮಗ್ರಿ. ಏಳು ವರ್ಷ ಮೇಲ್ಪಟ್ಟವರಲ್ಲಿ ಓದುಬರಹ ಬಲ್ಲ ಪುರುಷರು 1991ರ ಜನಗಣತಿಯಲ್ಲಿ ಶೇ. 67, 2001ರಲ್ಲಿ 76, 2011ರಲ್ಲಿ 82. ಮಹಿಳೆಯರು ಅದೇ ವರ್ಷಗಳಲ್ಲಿ ಶೇ. 44, 57, 68. ಲೆಕ್ಕ ಸಲೀಸಾಗಲೆಂದು ದಶಮಾಂಶಗಳನ್ನು ಪೂರ್ಣಾಂಕಕ್ಕೆ ತಂದಿದ್ದೇನೆ. ಇವನ್ನು ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲೋ ದಿನಪತ್ರಿಕೆಯ ಒಳಪುಟದಲ್ಲೋ ಒಂದೇ ಚಿತ್ರವಾಗಿ ತೋರಿಸಬೇಕಿದೆ ಎಂದುಕೊಳ್ಳೋಣ. ನೋಡುವವರಿಗೆ ಸಂಖ್ಯಾಶಾಸ್ತ್ರದ ಪರಿಚಯವಿಲ್ಲ, ಚಿತ್ರದ ಮೇಲೆ ಕಣ್ಣು ನಿಲ್ಲುವುದು ಕೆಲವೇ ಕ್ಷಣ.

‘ಕಾಲದ ವಿಷಯವಾದರೆ ರೇಖಾನಕ್ಷೆ’ ಎಂಬುದು ಇಂಥಲ್ಲಿ ಸಿದ್ಧವಾಗಿರುವ ಉತ್ತರ. ಆದರೆ ಈ ಆರು ಅಂಕಿಗಳಲ್ಲಿ ಕನಿಷ್ಠ ಮೂರು ಸಂಗತಿಗಳಿವೆ: ಮಹಿಳೆಯರ ಸಾಕ್ಷರತೆ ಏರಿದೆ, ಪ್ರತಿ ಜನಗಣತಿಯಲ್ಲೂ ಅದು ಪುರುಷರದಕ್ಕಿಂತ ಕಡಿಮೆ, ಇಬ್ಬರ ನಡುವಿನ ಅಂತರ 23ರಿಂದ 19ಕ್ಕೆ, ಅಲ್ಲಿಂದ 14ಕ್ಕೆ ಇಳಿದಿದೆ. ಮೂರಕ್ಕೂ ಒಂದೇ ನಕ್ಷೆ ಒದಗುವುದಿಲ್ಲ. ಓದುಗ ಚಿತ್ರ ನೋಡಿ ಯಾವ ವಾಕ್ಯ ಹೇಳಬೇಕೆಂಬುದು ಮೊದಲು ಗೊತ್ತಾಗಬೇಕು, ನಕ್ಷೆಯ ಬಗೆ ಆಮೇಲಿನ ಮಾತು ಎಂಬುದು ನನ್ನ ವಾದ.

ಇದಕ್ಕೆ ಆಧಾರವಿದೆ. 1999ರಲ್ಲಿ ಜೆಫ್ ಜ್ಯಾಕ್ಸ್ ಮತ್ತು ಬಾರ್ಬರಾ ಟ್ವೆರ್ಸ್ಕಿ ಒಂದೇ ಅಂಕಿಗಳನ್ನು ಕೆಲವರಿಗೆ ಸ್ತಂಭಗಳಾಗಿ, ಕೆಲವರಿಗೆ ಗೆರೆಯಾಗಿ ತೋರಿಸಿ, ಕಂಡದ್ದನ್ನು ಮಾತಿನಲ್ಲಿ ಹೇಳಲು ಕೇಳಿದರು. ಸ್ತಂಭ ಕಂಡವರು ‘ಇದು ಅದಕ್ಕಿಂತ ಹೆಚ್ಚು’ ಎನ್ನುವಂಥ ಮಾತು ಆಡಿದರೆ, ಗೆರೆ ಕಂಡವರು ‘ಏರುತ್ತಿದೆ’ ಎನ್ನುವಂಥ ಮಾತು ಆಡಿದರು. ಗಂಡಸರ, ಹೆಂಗಸರ ಸರಾಸರಿ ಎತ್ತರವನ್ನು ಎರಡು ಬಿಂದುಗಳಾಗಿಟ್ಟು ಗೆರೆ ಎಳೆದಾಗ, ಗಂಡಸುತನ ಹೆಚ್ಚಿದಷ್ಟೂ ಎತ್ತರ ಹೆಚ್ಚುತ್ತದೆ ಎಂಬ ಅರ್ಥದಲ್ಲಿ ವಿವರಿಸಿದವರೂ ಇದ್ದರು! ಅಂದರೆ ಓದುಗನ ವಾಕ್ಯದ ಕ್ರಿಯಾಪದವನ್ನು ಚಿತ್ರದ ಆಕಾರವೇ ಅರ್ಧ ಬರೆದುಬಿಟ್ಟಿರುತ್ತದೆ. ಸ್ತಂಭನಕ್ಷೆಯ ಚರಿತ್ರೆಯೂ ಇದಕ್ಕೆ ಹೊಂದುತ್ತದೆ. ವಿಲಿಯಂ ಪ್ಲೇಫೇರ್ 1786ರ ತನ್ನ ಅಟ್ಲಾಸ್‌ನಲ್ಲಿ ವ್ಯಾಪಾರದ ಏರಿಳಿತಗಳಿಗೆ ಗೆರೆಗಳನ್ನೇ ಬಳಸಿದ. ಸ್ಕಾಟ್ಲೆಂಡಿನ ವಿಷಯದಲ್ಲಿ ಮಾತ್ರ ಒಂದೇ ವರ್ಷದ ಅಂಕಿಗಳು ಕೈಗೆ ಸಿಕ್ಕಿದ್ದರಿಂದ ಸ್ತಂಭಗಳನ್ನು ಬರೆದ.

ಹಾಗಾದರೆ ನಮ್ಮ ಮೊದಲ ವಾಕ್ಯಕ್ಕೆ, ಅಂದರೆ ಮಹಿಳೆಯರ ಸಾಕ್ಷರತೆಯ ಏರಿಕೆಗೆ, ಒಂದೇ ಗೆರೆ ಸಾಕು. ಎರಡನೆಯದಕ್ಕೆ ವರ್ಷಕ್ಕೊಂದು ಜೋಡಿಯಂತೆ ಅಕ್ಕಪಕ್ಕದ ಸ್ತಂಭಗಳು ಚೆನ್ನಾಗಿ ಒದಗುತ್ತವೆ, ಅವು ಸೊನ್ನೆಯಿಂದಲೇ ಏಳಬೇಕೆಂಬ ಷರತ್ತಿನೊಡನೆ. ಸ್ತಂಭದಲ್ಲಿ ಕಣ್ಣು ಅಳೆಯುವುದು ಉದ್ದವನ್ನು. 2011ರ ಜೋಡಿಯನ್ನು 60ರಿಂದ ಶುರುಮಾಡಿದರೆ ಪುರುಷರ ಸ್ತಂಭ 22ರಷ್ಟು, ಮಹಿಳೆಯರದು 8ರಷ್ಟು ಎತ್ತರ ನಿಂತು, ಒಂದು ಇನ್ನೊಂದರ ಎರಡೂವರೆ ಪಟ್ಟಿಗಿಂತ ಹೆಚ್ಚೆಂದು ಕಾಣುತ್ತದೆ. ಗೆರೆಗೆ ಈ ನಿರ್ಬಂಧ ಇಷ್ಟು ಬಿಗಿಯಾಗಿಲ್ಲ, ಅಲ್ಲಿ ಓದುವುದು ಇಳಿಜಾರನ್ನು. ಒಂದರ ಮೇಲೊಂದು ಪೇರಿಸಿದ ಸ್ತಂಭಗಳ ಬಗ್ಗೆ ಚರ್ಚೆಯೇ ಬೇಡ: 67ಕ್ಕೆ 44 ಕೂಡಿಸಿ ಬರುವ 111ಕ್ಕೆ ಏನೂ ಅರ್ಥವಿಲ್ಲ. ಆದರೂ ಸರ್ಕಾರಿ ಕೈಪಿಡಿಗಳಲ್ಲಿ ಇಂಥವು ಕಾಣಿಸಿಕೊಂಡರೆ ನನಗೆ ಆಶ್ಚರ್ಯವಾಗುವುದಿಲ್ಲ.

ತೊಡಕಿರುವುದು ಮೂರನೆಯ ವಾಕ್ಯದಲ್ಲಿ. ಅಂತರ ಕಿರಿದಾಯಿತು ಎಂದು ತೋರಿಸಲು ಎರಡು ಗೆರೆ ಎಳೆದು, ನೋಡುವವರೇ ಮನಸ್ಸಿನಲ್ಲಿ ಕಳೆಯಲಿ ಎಂದು ಬಿಡುವುದು ರೂಢಿ. ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರ ಪ್ರಬಂಧದಲ್ಲಿ ಈ ಭರವಸೆಯ ಬುಡವನ್ನೇ ಅಲುಗಾಡಿಸಿದರು. ಗೆರೆಗಳು ಓರೆಯಾಗಿರುವಾಗ ನಮ್ಮ ಕಣ್ಣು ಅವುಗಳ ನಡುವಿನ ನೇರ ಲಂಬದೂರವನ್ನು ಬಿಟ್ಟು ಅತಿ ಹತ್ತಿರದ ದೂರವನ್ನು ಹಿಡಿಯುತ್ತದೆ. ಅವರು ಉದಾಹರಣೆಗೆ ಎತ್ತಿಕೊಂಡದ್ದು ಪ್ಲೇಫೇರನದೇ ನಕ್ಷೆ, ಇಂಗ್ಲೆಂಡ್ ಮತ್ತು ಈಸ್ಟ್ ಇಂಡೀಸ್ ನಡುವಿನ ಆಮದು-ರಫ್ತಿನದು. ಎರಡು ಗೆರೆಗಳ ವ್ಯತ್ಯಾಸವನ್ನೇ ಬೇರೆಯಾಗಿ ಬರೆದು ನೋಡಿದರೆ, 1760ರ ಸುಮಾರಿಗೆ ಒಮ್ಮೆಲೇ ಮೇಲೆದ್ದು ಇಳಿದ ಒಂದು ಏರಿಳಿತ ಎದ್ದು ಕಾಣುತ್ತದೆ. ಮೂಲ ನಕ್ಷೆಯಲ್ಲಿ ಅದು ಕಣ್ಣಿಗೆ ಬೀಳುವುದೇ ಕಷ್ಟ, ಏಕೆಂದರೆ ಅಲ್ಲಿ ಎರಡೂ ಗೆರೆಗಳು ಕಡಿದಾಗಿ ಏರುತ್ತವೆ.

ಹಾಗೆಂದು ಅಂತರವನ್ನೇ ಬೇರೆ ನಕ್ಷೆಯಾಗಿ ಬರೆದರೆ ಹೇಗೆ? 23, 19, 14 ಎಂಬ ಮೂರು ಸ್ತಂಭಗಳು. ಲೆಕ್ಕ ಸರಿ, ಓದು ತಪ್ಪಬಹುದು. ಮೇಲೆ ‘ಸಾಕ್ಷರತೆ’ ಎಂಬ ಪದ, ಕೆಳಗೆ ಕುಗ್ಗುತ್ತ ಹೋಗುವ ಸ್ತಂಭಗಳು ಕಂಡರೆ ಅವಸರದಲ್ಲಿ ನೋಡಿದವರು ಸಾಕ್ಷರತೆ ಕುಸಿಯುತ್ತಿದೆ ಎಂದುಕೊಳ್ಳುತ್ತಾರೆ. ಇಳಿಕೆಯೇ ಒಳ್ಳೆಯ ಸುದ್ದಿಯಾದ ಕಡೆಯೆಲ್ಲ ಈ ಅಪಾಯವಿದೆ. ಸಂಶೋಧಕರಿಗೆ ಹೊಂದುವ ವ್ಯತ್ಯಾಸದ ನಕ್ಷೆ ಸಾಮಾನ್ಯ ಓದುಗರಿಗೆ ಹೊಂದದಿರುವುದು ಇಲ್ಲಿಯೇ. ಆದ್ದರಿಂದ ನಾನು ಆರಿಸುವುದು ಎರಡು ಗೆರೆಗಳನ್ನೇ. ಆದರೆ 1991, 2001, 2011ರ ನೇರಕ್ಕೆ ಮೇಲಿನ ಬಿಂದುವಿನಿಂದ ಕೆಳಗಿನ ಬಿಂದುವಿಗೆ ಒಂದು ತೆಳು ಕಡ್ಡಿ ಎಳೆದು, ಅದರ ಪಕ್ಕದಲ್ಲಿ 23, 19, 14 ಎಂದು ಬರೆಯಬೇಕು. ಆಗ ಕಳೆಯುವ ಕೆಲಸವನ್ನು ನಕ್ಷೆ ತಾನೇ ಮಾಡಿಕೊಡುತ್ತದೆ, ಇಬ್ಬರೂ ಏರಿದ್ದಾರೆ ಎಂಬುದೂ ಮರೆಯಾಗುವುದಿಲ್ಲ. ‘ಪುರುಷರು’, ‘ಮಹಿಳೆಯರು’ ಎಂಬ ಪದಗಳನ್ನು ಗೆರೆಗಳ ಬಲತುದಿಯಲ್ಲೇ ಬರೆದರೆ ಮೂಲೆಯ ಬಣ್ಣದ ಸೂಚಿ ಬೇಕಾಗುವುದಿಲ್ಲ, ಕಪ್ಪುಬಿಳುಪು ಮುದ್ರಣದಲ್ಲೂ ಕೆಡುವುದಿಲ್ಲ.

ಬಿಂದುಗಳು ದಪ್ಪಗಿದ್ದು ಗೆರೆ ತೆಳುವಾಗಿರಲಿ ಎನ್ನುವುದಕ್ಕೂ ಕಾರಣವಿದೆ. ಜನಗಣತಿ ನಮಗೆ ಕೊಟ್ಟಿರುವುದು ಮೂರು ವರ್ಷಗಳನ್ನು ಮಾತ್ರ, ನಡುವಿನ ಒಂಬತ್ತೊಂಬತ್ತು ವರ್ಷಗಳ ಗೆರೆ ನಮ್ಮ ಊಹೆ. ಇಲ್ಲಿ ಅದೃಷ್ಟಕ್ಕೆ ಗಣತಿಗಳ ನಡುವಿನ ಅವಧಿ ಸಮವಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗೆ ಬಂದರೆ ಆ ಅನುಕೂಲವಿಲ್ಲ. ಅದರ ಐದು ಸುತ್ತುಗಳು ನಡೆದದ್ದು 1992-93, 1998-99, 2005-06, 2015-16 ಮತ್ತು 2019-21ರಲ್ಲಿ. ಕರ್ನಾಟಕದ ಒಟ್ಟು ಫಲವತ್ತತೆ ದರ ಮೂರನೆಯ ಸುತ್ತಿನಲ್ಲಿ 2.07, ನಾಲ್ಕನೆಯದರಲ್ಲಿ 1.8, ಐದನೆಯದರಲ್ಲಿ 1.7. ಸುತ್ತುಗಳನ್ನು ಸಮದೂರದಲ್ಲಿಟ್ಟರೆ ಮೊದಲು ಕಡಿದಾದ ಇಳಿಜಾರು, ಆಮೇಲೆ ಬಹುತೇಕ ಸಮತಟ್ಟು ಕಾಣುತ್ತದೆ. ‘ಇಳಿಕೆ ನಿಂತೇಹೋಯಿತು’ ಎಂದು ಯಾರಾದರೂ ಓದಿದರೆ ತಪ್ಪು ಅವರದಲ್ಲ. ಮೊದಲ ಇಳಿಕೆಗೆ ಹತ್ತು ವರ್ಷ ಹಿಡಿದಿತ್ತು, ಎರಡನೆಯದಕ್ಕೆ ಸುಮಾರು ನಾಲ್ಕು. ವರ್ಷದ ಲೆಕ್ಕದಲ್ಲಿ ಎರಡರ ವೇಗವೂ ಹೆಚ್ಚುಕಡಿಮೆ ಒಂದೇ. ಎಕ್ಸೆಲ್‌ನಲ್ಲಿ ವರ್ಷಗಳನ್ನು ಬರಿಯ ಹೆಸರುಗಳಂತೆ ಕೊಟ್ಟು Line ಆರಿಸಿದರೆ ಈ ಮೋಸ ತಾನಾಗಿ ಆಗುತ್ತದೆ. ವರ್ಷವನ್ನು ಸಂಖ್ಯೆಯಾಗಿಟ್ಟು Scatter ಆರಿಸಿ ಬಿಂದುಗಳನ್ನು ಜೋಡಿಸಿದರೆ ಅಡ್ಡ ಅಕ್ಷದಲ್ಲಿ ಕಾಲದ ಅಳತೆ ಸರಿಹೋಗುತ್ತದೆ.

ನಕ್ಷೆ ಸರಿಯಾಗಿದೆಯೇ ಎಂದು ತಿಳಿಯಲು ದೊಡ್ಡ ಅಧ್ಯಯನ ಬೇಕಿಲ್ಲ. ಶೀರ್ಷಿಕೆ ಮುಚ್ಚಿ, ವಿಷಯಕ್ಕೆ ಸಂಬಂಧವಿಲ್ಲದ ನಾಲ್ಕೈದು ಮಂದಿಗೆ ತೋರಿಸಿ, ‘ಇದರಲ್ಲಿ ಏನು ಕಾಣುತ್ತದೆ?’ ಎಂದು ಕೇಳಬೇಕು. ‘ಅರ್ಥವಾಯಿತೇ?’ ಎಂದು ಕೇಳಬಾರದು, ಆ ಪ್ರಶ್ನೆಗೆ ಎಲ್ಲರೂ ಹೌದೆನ್ನುತ್ತಾರೆ. ‘ಗಂಡಸರದು ಜಾಸ್ತಿ’ ಎಂಬಲ್ಲಿಗೆ ಮಾತು ನಿಂತರೆ ಕಡ್ಡಿಗಳನ್ನು ಗಾಢಮಾಡಿ, ಗೆರೆಗಳನ್ನು ಮಸುಕಾಗಿಸಿ ಮತ್ತೆ ತೋರಿಸಬೇಕು.

2021ರ ಜನಗಣತಿ ನಡೆಯದ ಕಾರಣ ನಮ್ಮ ಗೆರೆಗಳು 2011ಕ್ಕೆ ನಿಲ್ಲುತ್ತವೆ. ಆ ಖಾಲಿಯನ್ನು ಕುಟುಂಬ ಆರೋಗ್ಯ ಸಮೀಕ್ಷೆಯ ಸಾಕ್ಷರತೆಯ ಅಂಕಿಯಿಂದ ತುಂಬುವ ಆಸೆ ಸಹಜ. ಆದರೆ ಅದರ ಮಹಿಳಾ ಸಾಕ್ಷರತೆ 15ರಿಂದ 49 ವಯಸ್ಸಿನವರದು. ನಿರಕ್ಷರರು ಹೆಚ್ಚಿರುವ ವೃದ್ಧೆಯರು ಆ ಲೆಕ್ಕದಿಂದ ಹೊರಗಿರುತ್ತಾರೆ, ಹಾಗಾಗಿ ಅದನ್ನು ಜನಗಣತಿಯ ಗೆರೆಗೆ ಜೋಡಿಸಿದರೆ ಇಲ್ಲದ ನೆಗೆತವೊಂದು ಹುಟ್ಟಿಕೊಳ್ಳುತ್ತದೆ. ತೋರಿಸಲೇಬೇಕೆಂದರೆ ಬೇರೆ ಗುರುತಿನ ಒಂಟಿ ಬಿಂದುವಾಗಿ, ಗೆರೆಗೆ ಸೇರಿಸದೆ, ವಯಸ್ಸಿನ ಮಿತಿಯನ್ನು ಪಕ್ಕದಲ್ಲೇ ಬರೆದು ತೋರಿಸಬಹುದು.